ಕಂಪನಿ ಮುಳುಗಿದರೆ ಮೊದಲ ದುಡ್ಡು ಕೆಲಸಗಾರರಿಗೇ ಸಿಗುತ್ತದೆಯೇ?

"ಕಂಪನಿ ಬಾಗಿಲು ಹಾಕಿದ್ರೆ ಏನಂತೆ, ಆಸ್ತಿ ಮಾರಿಯಾದ್ರೂ ಮೊದಲು ಕೆಲಸದವರ ಸಂಬಳ ಕೊಡಲೇಬೇಕು, ಅದು ಕಾನೂನು." ಈ ಮಾತನ್ನು ನಾವು ವಿಜಯಪುರದಲ್ಲಿ ಬಹಳ ಸಲ ಕೇಳಿದ್ದೇವೆ. (ಉತ್ತರ ಕರ್ನಾಟಕದ ವಿಜಯಪುರವಲ್ಲ, ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಜಯಪುರ.) ಇಲ್ಲಿಂದ ಬೆಳಗಿನ ಪಾಳಿಗೆ ವಿಮಾನ ನಿಲ್ದಾಣದ ಕಡೆ ಹೋಗುವವರಿದ್ದಾರೆ, ಕಾರ್ಖಾನೆಗಳಿಗೆ ಹೋಗುವವರಿದ್ದಾರೆ, ಕಂಪನಿಗಳಿಗೆ ದ್ರಾಕ್ಷಿ, ತರಕಾರಿ ಕೊಟ್ಟು ತಿಂಗಳಾದ ಮೇಲೆ ದುಡ್ಡು ಪಡೆಯುವ ರೈತರೂ ಇದ್ದಾರೆ. ಹಾಗಾಗಿ ಈ ಮಾತು ಎಷ್ಟು ನಿಜ ಎಂದು ತಿಳಿಯುವುದು ಬೇರೆಯವರ ಮನೆಯ ವಿಚಾರವೇನಲ್ಲ.

ಚಿಕ್ಕ ಉತ್ತರ ಇಷ್ಟು: ಮಾತು ಅರ್ಧ ನಿಜ. ಕೆಲವು ಕೆಲಸಗಾರರಿಗೆ, ಕೆಲವು ತಿಂಗಳ ಬಾಕಿಗೆ, ಬ್ಯಾಂಕಿನ ಪಕ್ಕದಲ್ಲೇ ಜಾಗ ಇದೆ. ಉಳಿದವರ ಸರದಿ ಬರುವ ಹೊತ್ತಿಗೆ ಸಾಮಾನ್ಯವಾಗಿ ದುಡ್ಡು ಮುಗಿದಿರುತ್ತದೆ. ಯಾರು ಆ ಕೆಲವರು, ಯಾವುದು ಆ ಕೆಲವು ತಿಂಗಳು ಎನ್ನುವುದನ್ನೇ ಈಗ ನೋಡೋಣ.

ನಮಗೆ ಹತ್ತಿರದ ಉದಾಹರಣೆ ಎಂದರೆ ಕಿಂಗ್‌ಫಿಷರ್ ಏರ್‌ಲೈನ್ಸ್. ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿ ಇದ್ದ ಈ ಕಂಪನಿ 2005ರಲ್ಲಿ ಹಾರಾಟ ಶುರುಮಾಡಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಅದರ ಕೆಂಪು ಬಾಲದ ವಿಮಾನಗಳು ನಮ್ಮ ತಲೆ ಮೇಲೆಯೇ ಓಡಾಡುತ್ತಿದ್ದವು. 2012ರಲ್ಲಿ ಸಂಬಳ ತಿಂಗಳುಗಟ್ಟಲೆ ನಿಂತು, ನೌಕರರು ಮುಷ್ಕರ ಹೂಡಿ, ಆ ವರ್ಷದ ಅಕ್ಟೋಬರ್‌ನಲ್ಲಿ ಹಾರಾಟವೇ ನಿಂತಿತು. ಕಂಪನಿಯನ್ನು ಮುಚ್ಚಿ ಆಸ್ತಿ ಹಂಚಬೇಕೆಂದು ಕರ್ನಾಟಕ ಹೈಕೋರ್ಟ್ ಆದೇಶಿಸಿದ್ದು 2016ರ ನವೆಂಬರ್‌ನಲ್ಲಿ. ನಡುವೆ ನಾಲ್ಕು ವರ್ಷ ಕಳೆದಿತ್ತು. ಈ ನಾಲ್ಕು ವರ್ಷವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ದೊಡ್ಡ ವಿಷಯವಾಗುತ್ತದೆ.

ಮೊದಲು ಒಂದು ಮೂಲ ಪ್ರಶ್ನೆ. ಹಂಚುವುದಕ್ಕೆ ಅಲ್ಲಿ ಏನಿತ್ತು? ವಿಮಾನಯಾನ ಕಂಪನಿ ಎಂದರೆ ವಿಮಾನ ಮಾರಿದರೆ ಸಾಕಲ್ಲ ಎಂದು ಅನಿಸುತ್ತದೆ. ಆದರೆ ವಿಮಾನಗಳಲ್ಲಿ ಬಹುಪಾಲು ಬಾಡಿಗೆಯವು. ಬಾಡಿಗೆ ನಿಂತ ಕೂಡಲೇ ಮಾಲೀಕರು ಅವನ್ನು ವಾಪಸ್ ಒಯ್ಯುತ್ತಾರೆ, ಏಕೆಂದರೆ ಅವು ಕಂಪನಿಯ ಆಸ್ತಿಯೇ ಅಲ್ಲ. ಕಂಪನಿ ಬಳಿ ಇದ್ದ ದೊಡ್ಡ 'ಆಸ್ತಿ' ಅದರ ಹೆಸರು ಮತ್ತು ಗುರುತು. ಸಾಲ ಕೊಡುವಾಗ ಆ ಹೆಸರಿಗೆ 4,000 ಕೋಟಿ ರೂಪಾಯಿಗೂ ಹೆಚ್ಚು ಬೆಲೆ ಕಟ್ಟಿ ಅಡಮಾನ ಬರೆಸಿಕೊಳ್ಳಲಾಗಿತ್ತು. 2016ರಲ್ಲಿ ಬ್ಯಾಂಕುಗಳು ಅದನ್ನು ಸುಮಾರು 367 ಕೋಟಿಗೆ ಹರಾಜಿಗಿಟ್ಟಾಗ ಕೂಗುವವರು ಒಬ್ಬರೂ ಬರಲಿಲ್ಲ. ಹಾರದ ವಿಮಾನದ ಹೆಸರು ಯಾರಿಗೆ ಬೇಕು? ಮುಂಬೈನ ಕಿಂಗ್‌ಫಿಷರ್ ಹೌಸ್ ಕಟ್ಟಡಕ್ಕೆ 2016ರಲ್ಲಿ 150 ಕೋಟಿ ಕನಿಷ್ಠ ಬೆಲೆ ಇಟ್ಟಿದ್ದರು, ಹರಾಜಿನ ಮೇಲೆ ಹರಾಜು ನಡೆದು 2021ರಲ್ಲಿ ಅದು ಹೋಗಿದ್ದು 52.25 ಕೋಟಿಗೆ. ಮುಳುಗಿದ ಕಂಪನಿಯ ಆಸ್ತಿಗೆ ಪುಸ್ತಕದಲ್ಲಿ ಬರೆದಿರುವ ಬೆಲೆಯೇ ಬೇರೆ, ಹರಾಜಿನ ದಿನ ಸಿಗುವ ಬೆಲೆಯೇ ಬೇರೆ. ಮೇಲೆ ಒಂದೊಂದು ವರ್ಷ ತಡವಾದಾಗಲೂ ಎರಡನೆಯದು ಇಳಿಯುತ್ತಲೇ ಹೋಗುತ್ತದೆ.

ಈಗ ಹಂಚುವ ಸಾಲಿಗೆ ಬರೋಣ. 2016ರಲ್ಲಿ ಸಂಸತ್ತು ದಿವಾಳಿ ಸಂಹಿತೆ ಎಂಬ ಹೊಸ ಕಾನೂನು ಮಾಡಿತು. ಪತ್ರಿಕೆಗಳಲ್ಲಿ ಐಬಿಸಿ ಎಂದು ಬರುವುದು ಇದೇ. ಅದರ 53ನೇ ಕಲಂ ಯಾರ ನಂತರ ಯಾರು ಎಂದು ಹೇಳುತ್ತದೆ. ಕಿಂಗ್‌ಫಿಷರ್ ಪ್ರಕರಣ ಅದಕ್ಕಿಂತ ಹಿಂದೆಯೇ ಹೈಕೋರ್ಟ್‌ನಲ್ಲಿ ಇದ್ದುದರಿಂದ 1956ರ ಹಳೆ ಕಂಪನಿ ಕಾಯ್ದೆಯಡಿ ನಡೆಯಿತು. ಇವತ್ತು ಒಂದು ಕಂಪನಿ ಸಾಲ ತೀರಿಸಲಾಗದೆ ಮುಚ್ಚಿದರೆ ಸಾಮಾನ್ಯವಾಗಿ ಹೊಸ ಕಾನೂನು ಅನ್ವಯಿಸುತ್ತದೆ, ಪ್ರಕರಣ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುತ್ತದೆ.

53ನೇ ಕಲಮನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯ ಕೆರೆಗಳ ಸಾಲು ನೆನಪಿಸಿಕೊಂಡರೆ ಸಾಕು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಮಾತ್ರ ಕೆಳಗಿನ ಕೆರೆಗೆ ನೀರು. ಮೇಲಿನದು ಅರ್ಧ ತುಂಬಿ ನಿಂತರೆ ಕೆಳಗಿನ ಊರಿಗೆ ಆ ವರ್ಷ ಏನೂ ಇಲ್ಲ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚುವ ಪದ್ಧತಿ ಇದಲ್ಲ.

ಮೊದಲ ಕೆರೆ ಈ ಮುಚ್ಚುವ ಕೆಲಸದ ಖರ್ಚು. ಆಸ್ತಿ ಮಾರುವ ಲಿಕ್ವಿಡೇಟರ್‌ನ ಶುಲ್ಕ, ಕಾವಲುಗಾರರ ಸಂಬಳ, ಹರಾಜಿನ ಜಾಹೀರಾತು, ಬೆಲೆ ಕಟ್ಟುವವರ ಫೀಸು ಎಲ್ಲ ಇದರಲ್ಲಿ ಬರುತ್ತದೆ. ಕೇಳಲು ಬೇಜಾರು, ಆದರೆ ಇದನ್ನು ಮೊದಲು ಕೊಡದಿದ್ದರೆ ಮಾರುವ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ.

ಎರಡನೆಯ ಕೆರೆಯಲ್ಲಿ ಇಬ್ಬರು ಪಾಲುದಾರರು, ಸಮಾನ ಹಕ್ಕು. ಒಬ್ಬರು ಕಾರ್ಮಿಕರು, ಅವರ ಕಳೆದ 24 ತಿಂಗಳ ಬಾಕಿಗೆ. ಇನ್ನೊಬ್ಬರು ಆಸ್ತಿ ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರು, ಅಂದರೆ ಸಾಮಾನ್ಯವಾಗಿ ಬ್ಯಾಂಕು. ತನ್ನ ಅಡಮಾನವನ್ನು ತಾನೇ ಮಾರಿಕೊಳ್ಳದೆ ಎಲ್ಲರ ಜೊತೆ ಹಂಚಿಕೆಗೆ ಬಿಟ್ಟುಕೊಟ್ಟಿದ್ದರೆ ಮಾತ್ರ ಅದಕ್ಕೆ ಈ ಜಾಗ. ಬ್ಯಾಂಕು ಬಿಟ್ಟುಕೊಡದೆ ತಾನೇ ಮಾರಿಕೊಂಡರೂ ಅದರಲ್ಲಿ ಕಾರ್ಮಿಕರ ಪಾಲನ್ನು ತೆಗೆದಿಡಬೇಕೆಂದು 2019ರಿಂದ ನಿಯಮವಿದೆ.

ಕಾರ್ಮಿಕರಿಗೆ ಈ ಜಾಗ ತಾನಾಗಿ ಬಂದಿದ್ದಲ್ಲ. 1982ರಲ್ಲಿ ನ್ಯಾಷನಲ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಪ್ರಕರಣದಲ್ಲಿ, ಕಂಪನಿ ಮುಚ್ಚುವ ಅರ್ಜಿಯ ವಿಚಾರಣೆಯಲ್ಲಿ ಕಾರ್ಮಿಕರಿಗೂ ಮಾತಾಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. 1985ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಅವರ ಬಾಕಿಯನ್ನು ಬ್ಯಾಂಕಿನ ಅಡಮಾನ ಸಾಲದ ಸಮಕ್ಕೆ ಕೂರಿಸಲಾಯಿತು. "ಮೊದಲು ಕೆಲಸದವರಿಗೆ" ಎಂಬ ಜನರ ಮಾತಿಗೆ ಬೇರು ಇಲ್ಲಿರಬಹುದು. ಆದರೆ ಸಮ ಎಂದರೆ ಮೊದಲು ಎಂದಲ್ಲ. ದುಡ್ಡು ಸಾಲದಿದ್ದರೆ ಇಬ್ಬರಿಗೂ ಒಂದೇ ಪ್ರಮಾಣದಲ್ಲಿ ಕಡಿತ.

ಅದರ ಕೆಳಗಿನದು ಕಾರ್ಮಿಕರಲ್ಲದ ನೌಕರರ 12 ತಿಂಗಳ ಬಾಕಿ. ಆಮೇಲೆ ಅಡಮಾನವಿಲ್ಲದೆ ಹಣ ಸಾಲ ಕೊಟ್ಟವರು. ಆಮೇಲೆ ಕೇಂದ್ರ, ರಾಜ್ಯ ಸರ್ಕಾರಗಳ ಎರಡು ವರ್ಷದ ಬಾಕಿ. ಅಡಮಾನವನ್ನು ತಾನೇ ಮಾರಿಕೊಂಡರೂ ಸಾಲ ಪೂರ್ತಿ ತೀರದ ಬ್ಯಾಂಕು ಉಳಿದ ಮೊತ್ತಕ್ಕೆ ಇಲ್ಲಿಗೆ ಬಂದು ನಿಲ್ಲಬೇಕು. ಅದರ ಕೆಳಗೆ 'ಉಳಿದ ಎಲ್ಲ ಬಾಕಿಗಳು'. ಸರಕು ಕೊಟ್ಟ ವ್ಯಾಪಾರಿ, ಲಾರಿ ಬಾಡಿಗೆಯವರು, ಹಣ್ಣು ಕೊಟ್ಟ ರೈತ ಎಲ್ಲರೂ ಇರುವುದು ಇಲ್ಲಿ. ಕೊನೆಗೆ ಆದ್ಯತಾ ಷೇರುದಾರರು, ಎಲ್ಲಕ್ಕಿಂತ ಕೆಳಗೆ ಸಾಮಾನ್ಯ ಷೇರುದಾರರು, ಅಂದರೆ ಮಾಲೀಕರು. ಷೇರು ಎಂದರೆ ಸಾಲವಲ್ಲ, ಎಲ್ಲರಿಗೂ ಕೊಟ್ಟು ಉಳಿದಿದ್ದರಲ್ಲಿ ಪಾಲು. ಕಿಂಗ್‌ಫಿಷರ್‌ನಲ್ಲಿ ಈ ವ್ಯತ್ಯಾಸವನ್ನು ಬ್ಯಾಂಕುಗಳೇ ಮರೆತಂತೆ ಕಾಣುತ್ತದೆ. 2011ರಲ್ಲಿ ಅವು ಸುಮಾರು 750 ಕೋಟಿ ಸಾಲವನ್ನು ಷೇರಾಗಿ ಬದಲಾಯಿಸಿಕೊಂಡವು, ಅದೂ ಷೇರಿಗೆ 64.48 ರೂಪಾಯಿಯಂತೆ, ಮಾರುಕಟ್ಟೆಯಲ್ಲಿ ಅದು 40ರ ಆಸುಪಾಸಿನಲ್ಲಿ ಇದ್ದಾಗ. ಮೇಲಿನ ಕೆರೆಯ ದಂಡೆಯಿಂದ ಎದ್ದು ತಾವಾಗಿಯೇ ಕೊನೆಯ ಕೆರೆಗೆ ಇಳಿದಂತೆ ಆಯಿತು. ಹಾರಾಟ ನಿಂತದ್ದು ಮುಂದಿನ ವರ್ಷವೇ.

ಬರೀ ಸಾಲು ಹೇಳಿದರೆ ಇದು ಮನಸ್ಸಿಗೆ ಇಳಿಯುವುದಿಲ್ಲ, ಲೆಕ್ಕ ಹಾಕಿ ನೋಡೋಣ. ವಿಜಯಪುರದ ಹತ್ತಿರ ದ್ರಾಕ್ಷಿ ರಸ ತೆಗೆಯುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದುಕೊಳ್ಳಿ. ಇದು ಉದಾಹರಣೆಗೆ ನಾವು ಕಟ್ಟಿಕೊಂಡ ಕಂಪನಿ, ಯಾವುದೇ ನಿಜವಾದ ಕಂಪನಿಯಲ್ಲ. ಕಾರ್ಖಾನೆ, ಜಮೀನು, ಯಂತ್ರ ಎಲ್ಲ ಬ್ಯಾಂಕಿಗೆ ಅಡಮಾನ, ಬ್ಯಾಂಕಿಗೆ ಬರಬೇಕಾದ್ದು 13 ಕೋಟಿ 50 ಲಕ್ಷ. ಕಾರ್ಮಿಕರ 24 ತಿಂಗಳ ಬಾಕಿ 1 ಕೋಟಿ 50 ಲಕ್ಷ. ಕಚೇರಿ ನೌಕರರ ಬಾಕಿ 60 ಲಕ್ಷ. ಅಡಮಾನವಿಲ್ಲದೆ ಸಾಲ ಕೊಟ್ಟವರಿಗೆ 1 ಕೋಟಿ. ತೆರಿಗೆ ಬಾಕಿ 1 ಕೋಟಿ 60 ಲಕ್ಷ. ದ್ರಾಕ್ಷಿ ಕೊಟ್ಟ ರೈತರು, ಬಾಟಲಿ ಕೊಟ್ಟವರು, ಲಾರಿಯವರು ಎಲ್ಲ ಸೇರಿ 4 ಕೋಟಿ.

ಆಸ್ತಿ ಎಲ್ಲ ಮಾರಿದಾಗ 10 ಕೋಟಿ ಬಂತು ಎಂದುಕೊಳ್ಳಿ. ಮುಚ್ಚುವ ಖರ್ಚು 1 ಕೋಟಿ ತೆಗೆದರೆ ಉಳಿದದ್ದು 9 ಕೋಟಿ. ಎರಡನೆಯ ಕೆರೆಯಲ್ಲಿ ಬ್ಯಾಂಕು ಮತ್ತು ಕಾರ್ಮಿಕರು ಸೇರಿ ಕೇಳುತ್ತಿರುವುದು 15 ಕೋಟಿ. ರೂಪಾಯಿಗೆ 60 ಪೈಸೆ. ಬ್ಯಾಂಕಿಗೆ 8 ಕೋಟಿ 10 ಲಕ್ಷ, ಕಾರ್ಮಿಕರಿಗೆಲ್ಲ ಸೇರಿ 90 ಲಕ್ಷ. 3 ಲಕ್ಷ ಬಾಕಿ ಇದ್ದ ಕಾರ್ಮಿಕನ ಕೈಗೆ 1 ಲಕ್ಷ 80 ಸಾವಿರ ಬರುತ್ತದೆ. ಅಲ್ಲಿಗೆ ನೀರು ಮುಗಿಯಿತು. ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ ಮ್ಯಾನೇಜರ್‌ಗೆ, ಸರ್ಕಾರಕ್ಕೆ, ದ್ರಾಕ್ಷಿ ಕೊಟ್ಟ ರೈತನಿಗೆ ಒಂದು ರೂಪಾಯಿಯೂ ಇಲ್ಲ.

ಇದೇ ಆಸ್ತಿ ಎರಡು ವರ್ಷ ಮೊದಲು, ಯಂತ್ರಗಳು ಇನ್ನೂ ಓಡುತ್ತಿರುವಾಗ, 20 ಕೋಟಿಗೆ ಹೋಗಿದ್ದರೆ? ಬಾಕಿಗಳು ಇಷ್ಟೇ ಇದ್ದವು ಎಂದು ಇಟ್ಟುಕೊಳ್ಳೋಣ. ಖರ್ಚು 1 ಕೋಟಿ ಹೋಗಿ 19. ಬ್ಯಾಂಕು ಮತ್ತು ಕಾರ್ಮಿಕರಿಗೆ ಪೂರ್ತಿ 15 ಕೋಟಿ, ಉಳಿದದ್ದು 4. ನೌಕರರಿಗೆ ಪೂರ್ತಿ 60 ಲಕ್ಷ. ಅಡಮಾನವಿಲ್ಲದ ಸಾಲಕ್ಕೆ ಪೂರ್ತಿ 1 ಕೋಟಿ. ಸರ್ಕಾರಕ್ಕೆ ಪೂರ್ತಿ 1 ಕೋಟಿ 60 ಲಕ್ಷ. ಈಗ ಕೈಯಲ್ಲಿ ಉಳಿದಿರುವುದು 80 ಲಕ್ಷ, ಕೇಳುತ್ತಿರುವವರು 4 ಕೋಟಿಯವರು. ರೂಪಾಯಿಗೆ 20 ಪೈಸೆ. ಅಂದರೆ ಇಷ್ಟು ಒಳ್ಳೆಯ ಬೆಲೆ ಬಂದರೂ 1 ಲಕ್ಷದ ದ್ರಾಕ್ಷಿ ಕೊಟ್ಟ ರೈತನಿಗೆ ಸಿಗುವುದು 20 ಸಾವಿರ. ಮಾಲೀಕರ ಷೇರಿಗೆ ಆಗಲೂ ಸೊನ್ನೆಯೇ.

ಹಣ ಸಾಲ ಕೊಟ್ಟವನನ್ನು ಮೇಲಿಟ್ಟು ಸರಕು ಸಾಲ ಕೊಟ್ಟವನನ್ನು ಕೆಳಗಿಡುವುದು ಅನ್ಯಾಯವಲ್ಲವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. 2019ರ ಸ್ವಿಸ್ ರಿಬ್ಬನ್ಸ್ ತೀರ್ಪಿನಲ್ಲಿ ಕೋರ್ಟ್ ಈ ಭೇದವನ್ನು ಎತ್ತಿಹಿಡಿಯಿತು. ಹಣ ಸಾಲ ವಾಪಸ್ ಬಂದರೆ ಅದು ಮತ್ತೆ ಬೇರೆ ಉದ್ಯಮಗಳಿಗೆ ಸಾಲವಾಗಿ ಹೋಗುತ್ತದೆ ಎಂಬುದು ಅದರ ಒಂದು ಕಾರಣ. ಕಾರಣ ಅರ್ಥವಾಗುತ್ತದೆ. ಆದರೂ ತಿಂಗಳ ಕಂತಿಗೆ ಆಸ್ತಿ ಬರೆಸಿಕೊಂಡ ಬ್ಯಾಂಕಿಗೂ, ನಂಬಿಕೆಯ ಮೇಲೆ ಹಣ್ಣು ಇಳಿಸಿ ಬಂದ ರೈತನಿಗೂ ಮುಂಜಾಗ್ರತೆ ವಹಿಸುವ ಶಕ್ತಿ ಒಂದೇ ಅಲ್ಲ ಎಂದು ನಮಗೆ ಅನಿಸುತ್ತದೆ.

ಈಗ ಆ 24 ತಿಂಗಳ ವಿಷಯ. ಇದನ್ನು ಹಿಂದಕ್ಕೆ ಎಣಿಸುವುದು ಸಂಬಳ ನಿಂತ ದಿನದಿಂದಲ್ಲ, ಕಂಪನಿ ಮುಚ್ಚುವ ಪ್ರಕ್ರಿಯೆ ಶುರುವಾದ ದಿನದಿಂದ. ವ್ಯತ್ಯಾಸ ಸಣ್ಣದೆನಿಸಬಹುದು. ಕಿಂಗ್‌ಫಿಷರ್‌ಗೆ ಅನ್ವಯಿಸಿ ನೋಡಿ. ನೌಕರರು ಸಂಬಳವಿಲ್ಲದೆ ದುಡಿದದ್ದು 2012ರಲ್ಲಿ. ಮುಚ್ಚುವ ಆದೇಶ ಬಂದದ್ದು 2016ರ ನವೆಂಬರ್‌ನಲ್ಲಿ. ಅಲ್ಲಿಂದ ಹಿಂದಕ್ಕೆ 24 ತಿಂಗಳು ಎಂದರೆ 2014ರ ನವೆಂಬರ್. ಹೊಸ ಕಾನೂನಿನ ಅಳತೆಯಲ್ಲಿ 2012ರ ಸಂಬಳ ಎರಡನೆಯ ಕೆರೆಯಿಂದ ಜಾರಿ ರೈತರು, ಲಾರಿಯವರ ಜೊತೆ 'ಉಳಿದ ಬಾಕಿ'ಗೆ ಬೀಳುತ್ತಿತ್ತು. ಹಳೆ ಕಾಯ್ದೆಯಲ್ಲಿ ಕಾರ್ಮಿಕರ ಬಾಕಿ ಸಂಬಳಕ್ಕೆ ಇಂಥ ಕಾಲಮಿತಿ ಇರಲಿಲ್ಲ. ಆದರೆ ಕಾರ್ಮಿಕರಲ್ಲದ ನೌಕರರ ಪಾಡು ಹಳೆ ಕಾಯ್ದೆಯಲ್ಲಿ ಇನ್ನೂ ಕೆಟ್ಟದಾಗಿತ್ತು: ಆದ್ಯತೆ ನಾಲ್ಕು ತಿಂಗಳ ಸಂಬಳಕ್ಕೆ ಮಾತ್ರ, ಅದೂ ಒಬ್ಬರಿಗೆ ಗರಿಷ್ಠ 20 ಸಾವಿರ ರೂಪಾಯಿ. ಹೊಸ ಕಾನೂನು ಕಾರ್ಮಿಕರಿಗೆ ಹಿಂದಿದ್ದ ರಕ್ಷಣೆಯನ್ನು ಕಡಿಮೆ ಮಾಡಿದೆ ಎಂದು ಮೋಸರ್ ಬೇಯರ್ ಕಂಪನಿಯ ಕಾರ್ಮಿಕರು ಸುಪ್ರೀಂ ಕೋರ್ಟ್‌ಗೆ ಹೋಗಿದ್ದರು. 2023ರ ಮೇ ತಿಂಗಳಲ್ಲಿ ಕೋರ್ಟ್ ಅವರ ಅರ್ಜಿಯನ್ನು ಒಪ್ಪಲಿಲ್ಲ.

ಹಾಗಾದರೆ 'ಕಾರ್ಮಿಕ' ಯಾರು? ಕಂಪನಿಯಲ್ಲಿ ಕೆಲಸ ಮಾಡುವವರೆಲ್ಲ ಅಲ್ಲ. ಕೈಗಾರಿಕಾ ವಿವಾದಗಳ ಕಾಯ್ದೆಯ ವ್ಯಾಖ್ಯೆ ಇಲ್ಲಿಗೆ ಬರುತ್ತದೆ. ಕೈಕೆಲಸ, ತಾಂತ್ರಿಕ ಕೆಲಸ, ಗುಮಾಸ್ತೆಯ ಕೆಲಸ ಮಾಡುವವರು ಕಾರ್ಮಿಕರು. ಆಡಳಿತ ನಡೆಸುವವರು ಅಲ್ಲ. ಮೇಲ್ವಿಚಾರಕರು ಸಂಬಳದ ಮಿತಿ ದಾಟಿದರೆ ಅಲ್ಲ. ಹಳೆಯ ಕಾಯ್ದೆಯಲ್ಲಿ ಆ ಮಿತಿ ತಿಂಗಳಿಗೆ 10 ಸಾವಿರ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 18 ಸಾವಿರ. ಹುದ್ದೆಯ ಹೆಸರಿಗಿಂತ ಮಾಡುವ ಕೆಲಸ ಮುಖ್ಯ. 'ಎಕ್ಸಿಕ್ಯುಟಿವ್' ಎಂದು ಗುರುತಿನ ಚೀಟಿ ಕೊಟ್ಟಿದ್ದರೂ ದಿನವಿಡೀ ಯಂತ್ರ ನೋಡಿಕೊಳ್ಳುವ ಕೆಲಸವೇ ಆಗಿದ್ದರೆ ಆತ ಕಾರ್ಮಿಕ ಎಂದು ವಾದಿಸಬಹುದು. ಹಾಗೆ ತೋರಿಸಲು ನೇಮಕಾತಿ ಪತ್ರ ಮತ್ತು ಕೆಲಸದ ದಾಖಲೆ ಬೇಕು.

ಇನ್ನೂ ಒಂದು ಗುಂಪು ಈ ಸಾಲಿನಲ್ಲಿ ಕಾಣುವುದೇ ಇಲ್ಲ. ಗುತ್ತಿಗೆದಾರನ ಮೂಲಕ ಬಂದ ಕೆಲಸಗಾರರು. ವಿಮಾನ ನಿಲ್ದಾಣದ ಸುತ್ತಮುತ್ತ, ಕಾರ್ಖಾನೆಗಳಲ್ಲಿ, ಕಾವಲು, ಸ್ವಚ್ಛತೆ, ಸಾಮಾನು ಎತ್ತುವ ಕೆಲಸದಲ್ಲಿ ಇಂಥವರೇ ಹೆಚ್ಚು. ಕಾಗದದ ಮೇಲೆ ಅವರ ಮಾಲೀಕ ಗುತ್ತಿಗೆದಾರ. ಮುಳುಗಿದ ಕಂಪನಿಗೆ ಗುತ್ತಿಗೆದಾರ ಒಬ್ಬ ಸೇವೆ ಮಾರಿದವನು, ಅವನ ಬಿಲ್ಲು 'ಉಳಿದ ಬಾಕಿ'ಯಲ್ಲಿ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಕಂಪನಿ ಕೊಡಬೇಕೆಂದು ಕಾರ್ಮಿಕ ಕಾನೂನು ಹೇಳುತ್ತದಾದರೂ, ಆ ಮುಖ್ಯ ಕಂಪನಿಯೇ ದಿವಾಳಿಯಾದಾಗ ಆ ಹಕ್ಕನ್ನು ಸಾಧಿಸುವುದು ಸುಲಭವಲ್ಲ. ಒಂದೇ ಗೇಟಿನಲ್ಲಿ ಒಳಗೆ ಹೋಗುವ ಇಬ್ಬರಲ್ಲಿ ಒಬ್ಬ ಎರಡನೆಯ ಕೆರೆಯಲ್ಲಿ, ಇನ್ನೊಬ್ಬ ನಾಲ್ಕು ಕೆರೆ ಕೆಳಗೆ.

ಸಾಲಿನ ಹೊರಗೆ ನಿಲ್ಲುವ ಒಂದು ಹಣವೂ ಇದೆ, ಅದು ಒಳ್ಳೆಯ ಸುದ್ದಿ. ಭವಿಷ್ಯ ನಿಧಿ, ಪಿಂಚಣಿ ನಿಧಿ, ಗ್ರಾಚ್ಯುಟಿ ನಿಧಿಯಿಂದ ನೌಕರರಿಗೆ ಬರಬೇಕಾದ ಹಣ ಕಂಪನಿಯ ಆಸ್ತಿಯ ಲೆಕ್ಕಕ್ಕೇ ಸೇರುವುದಿಲ್ಲ ಎಂದು ಇದೇ ಸಂಹಿತೆಯ 36ನೇ ಕಲಂ ಹೇಳುತ್ತದೆ. ಅದು ಹಂಚುವ ನೀರೇ ಅಲ್ಲ, ಬೇರೆಯವರ ಬಾವಿಯ ನೀರು. ಎಬಿಜಿ ಶಿಪ್‌ಯಾರ್ಡ್ ಕಾರ್ಮಿಕರ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ಉಪಯೋಗದ ಮಾತಿದೆ: ದಿವಾಳಿ ಪ್ರಕ್ರಿಯೆ ನಡೆಯುತ್ತಿರುವಾಗ ಕಂಪನಿ ಓಡುತ್ತಿದ್ದು, ನೀವು ನಿಜವಾಗಿ ಕೆಲಸ ಮಾಡಿದ್ದರೆ, ಆ ಅವಧಿಯ ಸಂಬಳ ಮೊದಲನೆಯ ಕೆರೆಗೆ, ಅಂದರೆ ಪ್ರಕ್ರಿಯೆಯ ಖರ್ಚಿಗೆ ಸೇರುತ್ತದೆ. ಕೆಲಸ ಮಾಡಿದ್ದನ್ನು ತೋರಿಸುವ ಹೊಣೆ ಮಾತ್ರ ನಿಮ್ಮದು. ಹಾಜರಿ ಪುಸ್ತಕದ ಒಂದು ಫೋಟೊ ಇಲ್ಲಿ ಬೆಲೆಬಾಳುತ್ತದೆ.

ಭವಿಷ್ಯ ನಿಧಿ ನಮಗೆ ಮುನ್ಸೂಚನೆಯನ್ನೂ ಕೊಡುತ್ತದೆ. ಕಷ್ಟದಲ್ಲಿರುವ ಕಂಪನಿ ಸಂಬಳ ನಿಲ್ಲಿಸುವ ಮೊದಲು, ಕಣ್ಣಿಗೆ ಬೇಗ ಬೀಳದ ಪಾವತಿಗಳನ್ನು ನಿಲ್ಲಿಸುವುದುಂಟು. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಕಾಣುತ್ತದೆ, ಪಾಸ್‌ಬುಕ್‌ನಲ್ಲಿ ಆ ತಿಂಗಳ ಜಮಾ ಕಾಣುವುದಿಲ್ಲ. ಎರಡು ಮೂರು ತಿಂಗಳು ಹೀಗಾದರೆ ಅದು ಲೆಕ್ಕದ ಗುಮಾಸ್ತನ ಮರೆವಲ್ಲ. ಹೊರಗಿನಿಂದ ಸರಕು ಕೊಡುವವರಿಗೆ ಬೇರೆ ಕಿಟಕಿ ಇದೆ. ಕಂಪನಿ ವ್ಯವಹಾರಗಳ ಸಚಿವಾಲಯದ `mca.gov.in` ತಾಣದಲ್ಲಿ ಕಂಪನಿಯ ಹೆಸರು ಹಾಕಿ, ಅದರ ಆಸ್ತಿಯ ಮೇಲೆ ಯಾವ ಬ್ಯಾಂಕಿನ ಎಷ್ಟು ಅಡಮಾನ ಇದೆ ಎಂಬ ಪಟ್ಟಿ ನೋಡಬಹುದು. ಆ ಪಟ್ಟಿ ಉದ್ದವಾಗಿದ್ದಷ್ಟೂ ನಿಮ್ಮ ಮೇಲಿನ ಕೆರೆ ದೊಡ್ಡದು.

ಪ್ರಕ್ರಿಯೆ ಶುರುವಾದಾಗ ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, `ibbi.gov.in` ತಾಣದಲ್ಲೂ ಇರುತ್ತದೆ. ಅದರಲ್ಲಿ ಕೊಟ್ಟ ದಿನಾಂಕದೊಳಗೆ ಪ್ರತಿಯೊಬ್ಬರೂ ತಮ್ಮ ಬಾಕಿಯ ಹಕ್ಕು ಕೇಳಿ ನಮೂನೆ ಸಲ್ಲಿಸಬೇಕು. ಮುಚ್ಚುವ ಹಂತದಲ್ಲಿ ಈ ಅವಧಿ ಸಾಮಾನ್ಯವಾಗಿ 30 ದಿನ. ಕಾರ್ಮಿಕರು ಮತ್ತು ನೌಕರರಿಗೆ ಪ್ರತ್ಯೇಕ ನಮೂನೆ ಇದೆ, ಹಲವರು ಸೇರಿ ಒಬ್ಬ ಪ್ರತಿನಿಧಿಯ ಮೂಲಕವೂ ಕೊಡಬಹುದು. ಕಂಪನಿಯ ಕಡತದಲ್ಲಿ ನಮ್ಮ ಹೆಸರು ಇದೆಯಲ್ಲ, ಅವರೇ ಕೊಡುತ್ತಾರೆ ಎಂದು ಸುಮ್ಮನಿರುವುದು ಬೇಡ. ಸಂಬಳದ ಚೀಟಿ, ನೇಮಕಾತಿ ಪತ್ರ, ಬ್ಯಾಂಕಿನ ಖಾತೆ ವಿವರ ಇವನ್ನು ಕಂಪನಿಯ ಇಮೇಲ್‌ನಲ್ಲಷ್ಟೇ ಇಟ್ಟುಕೊಂಡಿದ್ದರೆ, ಬಾಗಿಲು ಮುಚ್ಚಿದ ದಿನ ಆ ಇಮೇಲ್ ಕೂಡ ಮುಚ್ಚಿರುತ್ತದೆ.

ಇದೆಲ್ಲ ಕಂಪನಿಗಳಿಗೆ ಮಾತ್ರ ಎಂಬುದನ್ನೂ ಹೇಳಬೇಕು. ನಮ್ಮೂರಿನ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ, ಅಂಗಡಿಗಳಲ್ಲಿ ಬಹಳಷ್ಟು ಒಬ್ಬರ ಹೆಸರಿನವು. ಅಲ್ಲಿ ವ್ಯಾಪಾರ ಬೇರೆ, ಮಾಲೀಕ ಬೇರೆ ಎಂಬ ಗೋಡೆಯೇ ಇಲ್ಲ. ವ್ಯಾಪಾರದ ಸಾಲಕ್ಕೆ ಆತನ ಮನೆ, ಹೊಲವೂ ಹೊಣೆ. ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ, ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ 2019ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ.

ಈ ಜಾಮೀನು ಎಂಬ ಮಾತೇ ಕಿಂಗ್‌ಫಿಷರ್ ಕಥೆಯ ಉಳಿದ ಅರ್ಧ. ಕಂಪನಿಯ ಆಸ್ತಿಯಲ್ಲಿ ಹೆಚ್ಚೇನೂ ಇರಲಿಲ್ಲ ಎಂದೆವಲ್ಲ, ಆದರೆ ವಿಜಯ್ ಮಲ್ಯ ಮತ್ತು ಅವರ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್ ಕಂಪನಿ ಬ್ಯಾಂಕುಗಳಿಗೆ ಜಾಮೀನು ಬರೆದುಕೊಟ್ಟಿದ್ದರು. ಅದರ ಬಲದ ಮೇಲೆ ಬ್ಯಾಂಕುಗಳು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ 2017ರ ಜನವರಿಯಲ್ಲಿ 6,203 ಕೋಟಿ ಮತ್ತು ಬಡ್ಡಿ ವಸೂಲಿಗೆ ಆದೇಶ ಪಡೆದವು. ಜಾರಿ ನಿರ್ದೇಶನಾಲಯ ಮುಟ್ಟುಗೋಲು ಹಾಕಿದ್ದ ಬಿಯರ್ ಕಂಪನಿಯ ಷೇರುಗಳನ್ನು 2021ರಲ್ಲಿ ಮಾರಿದಾಗ 5,800 ಕೋಟಿಗೂ ಹೆಚ್ಚು ಬಂತು. ಹೀಗೆ ಬ್ಯಾಂಕುಗಳಿಗೆ ಒಟ್ಟು 14,131 ಕೋಟಿ ರೂಪಾಯಿ ಮರಳಿದೆ ಎಂದು 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವೆ ಲೋಕಸಭೆಯಲ್ಲಿ ಹೇಳಿದರು. ಈ ಹಣ ಕಂಪನಿಯ ಕೆರೆಗಳ ಸಾಲಿನಿಂದ ಬಂದದ್ದಲ್ಲ, ಪಕ್ಕದ ಬಾಗಿಲಿನಿಂದ. ಸಂಬಳ ಬಾಕಿ ಇದ್ದ ನೌಕರರಿಗೆ ಯಾರೂ ಜಾಮೀನು ಬರೆದುಕೊಟ್ಟಿರಲಿಲ್ಲ, ಹಾಗಾಗಿ ಆ ಬಾಗಿಲು ಅವರಿಗೆ ಇರಲಿಲ್ಲ.

ಅವರ ಪಾಲಿಗೆ ಸುಮಾರು 312 ಕೋಟಿ ರೂಪಾಯಿಯನ್ನು, ಬ್ಯಾಂಕಿಗೆ ಮರಳಿದ್ದ ಷೇರುಗಳ ಮಾರಾಟದ ಹಣದಿಂದಲೇ, ಅಧಿಕೃತ ಲಿಕ್ವಿಡೇಟರ್‌ಗೆ ಕೊಡಲು ಚೆನ್ನೈನ ಸಾಲ ವಸೂಲಾತಿ ನ್ಯಾಯಮಂಡಳಿ ಒಪ್ಪಿದ್ದು 2025ರ ಡಿಸೆಂಬರ್‌ನಲ್ಲಿ. ಕೊನೆಯ ವಿಮಾನ ಇಳಿದು ಆಗಲೇ 13 ವರ್ಷವಾಗಿತ್ತು.